ಕೂಡಿಸಿದ ವ್ಯಕ್ತಿಗೆ ಎಷ್ಟು ಮಸುಕು ಬೇಕು? ಅಳತೆ ಫೋಟೋದೊಳಗೇ ಇದೆ

ಕಾಸರಗೋಡಿನ ಕಡೆ ಸ್ಟುಡಿಯೋ ಇಟ್ಟವರಿಗೆ ವರ್ಷವಿಡೀ ಬರುವ ಕೆಲಸವೊಂದಿದೆ. ಕುಟುಂಬದವರೆಲ್ಲ ಸೇರಿ ತೆಗೆಸಿಕೊಂಡ ಫೋಟೋ ಇರುತ್ತದೆ, ಅದರಲ್ಲಿ ಒಬ್ಬರು ಮಾತ್ರ ಇರುವುದಿಲ್ಲ. ಅವರು ದುಬೈಯಲ್ಲೋ ದೋಹಾದಲ್ಲೋ ಕೆಲಸದಲ್ಲಿರುತ್ತಾರೆ. ಅಲ್ಲಿಂದ ಮೊಬೈಲ್‌ನಲ್ಲಿ ತೆಗೆದ ಫೋಟೋ ಬರುತ್ತದೆ, ಅವರನ್ನು ಕತ್ತರಿಸಿ ಇಲ್ಲಿಯ ಫೋಟೋಕ್ಕೆ ಸೇರಿಸಬೇಕು. ಬೆಳಕು, ಬಣ್ಣ, ನೆರಳು ಎಲ್ಲವನ್ನೂ ಹೊಂದಿಸಿದ ಮೇಲೂ ನೋಡಿದವರು ಕೂಡಲೇ "ಇದು ಸೇರಿಸಿದ್ದಲ್ಲವೇ?" ಎಂದು ಕೇಳುತ್ತಾರೆ. ಹೆಚ್ಚಿನ ಸಲ ಅದಕ್ಕೆ ಕಾರಣ ಒಂದೇ: ಹಿಂದಿನ ಗೋಡೆ, ಹುಲ್ಲು, ತೆಂಗಿನಮರ ಎಲ್ಲವೂ ಮಸುಕಾಗಿವೆ, ಅವುಗಳ ನಡುವೆ ನಿಂತವನ ಅಂಗಿಯ ನೂಲು ಮಾತ್ರ ಎಣಿಸುವಷ್ಟು ಸ್ಪಷ್ಟವಾಗಿದೆ.

ಇದಕ್ಕೆ ಸಾಮಾನ್ಯವಾಗಿ ಮಾಡುವ ಪರಿಹಾರ, ಆ ವ್ಯಕ್ತಿಗೆ ಅಂದಾಜಿನಲ್ಲಿ ಸ್ವಲ್ಪ ಬ್ಲರ್ ಕೊಡುವುದು. ಎಷ್ಟು ಕೊಡಬೇಕೆಂದು ಗೊತ್ತಿಲ್ಲದೆ ಕೊಟ್ಟರೆ ಒಂದೋ ಕಡಿಮೆಯಾಗುತ್ತದೆ, ಇಲ್ಲವೇ ಮುಖ ಹೋಗಿಬಿಡುತ್ತದೆ. ಆದರೆ ಮಸುಕು ಅಂದಾಜಿನ ಸಂಗತಿಯಲ್ಲ. ವ್ಯಕ್ತಿಯ ಪಾದ ನೆಲದ ಮೇಲೆ ಎಲ್ಲಿ ಊರಿದೆಯೋ ಅಲ್ಲಿಗೆ ಅವನ ಮಸುಕು ನಿರ್ಧಾರವಾಗಿಹೋಗಿರುತ್ತದೆ, ಅದನ್ನು ಫೋಟೋದಿಂದಲೇ ಅಳೆದು ತೆಗೆಯಬಹುದು. ಟೇಪು ಬೇಡ, ಲೆನ್ಸಿನ ವಿವರ ಸಿಗದಿದ್ದರೂ ನಡೆಯುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. "ಹಿನ್ನೆಲೆಯ ಬ್ಲರ್" ಎಂದು ಏಕವಚನದಲ್ಲಿ ಹೇಳುತ್ತೇವೆ. ಆದರೆ ಹಿನ್ನೆಲೆಗೆ ಒಂದೇ ಪ್ರಮಾಣದ ಮಸುಕು ಇರುವುದಿಲ್ಲ. ಫೋಕಸ್ ಇರುವ ಜಾಗದಲ್ಲಿ ಮಸುಕು ಸೊನ್ನೆ. ಅಲ್ಲಿಂದ ಹಿಂದಕ್ಕೆ ಹೋದಂತೆ ಮೊದಲು ಬೇಗಬೇಗನೆ, ಆಮೇಲೆ ನಿಧಾನವಾಗಿ ಹೆಚ್ಚುತ್ತದೆ. ತುಂಬ ದೂರ ಹೋದ ಮೇಲೆ ಒಂದು ಮಿತಿಗೆ ಬಂದು ನಿಲ್ಲುತ್ತದೆ. 4 ಮೀಟರಿಗೆ ಫೋಕಸ್ ಮಾಡಿದ್ದರೆ 8 ಮೀಟರಿನಲ್ಲೇ ಆ ಮಿತಿಯ ಅರ್ಧ ಬಂದಾಗಿರುತ್ತದೆ. 40 ಮೀಟರಿನಲ್ಲಿ ಮಿತಿಯ 10ರಲ್ಲಿ 9 ಪಾಲು. ಉಳಿದ ಒಂದು ಪಾಲು ಅಲ್ಲಿಂದ ಆಕಾಶದವರೆಗೆ ಹಂಚಿಹೋಗಿರುತ್ತದೆ. ಹಾಗಾಗಿ ದೂರದ ತೆಂಗಿನಮರದ ಮಸುಕನ್ನು ನೋಡಿ ಅಷ್ಟನ್ನೇ ಅಜ್ಜಿಯ ಬೆನ್ನಿಗೆ ನಿಂತ ಮಗನಿಗೆ ಕೊಟ್ಟರೆ ಅವನು ಮಂಜಿನಲ್ಲಿ ಕರಗಿದಂತೆ ಕಾಣುತ್ತಾನೆ. ಏನನ್ನೂ ಕೊಡದಿದ್ದರೆ ಗೋಡೆಗೆ ಅಂಟಿಸಿದ ಪೋಸ್ಟರಿನಂತೆ ಎದ್ದು ನಿಲ್ಲುತ್ತಾನೆ.

ಉದಾಹರಣೆಗೆ ಒಂದು ಫೋಟೋ

ಬೇಕಲ ಕೋಟೆಯಲ್ಲಿ ತೆಗೆದ ಒಂದು ಫೋಟೋವನ್ನು ಇಟ್ಟುಕೊಳ್ಳೋಣ. ಶಿವಪ್ಪ ನಾಯಕನ ಕಾಲದ ಆ ಕೆಂಪುಕಲ್ಲಿನ ಕೋಟೆಗೂ ನಮ್ಮ ಲೆಕ್ಕಕ್ಕೂ ನಂಟೇನಿಲ್ಲ. ಆದರೆ ಅಲ್ಲಿ ಹುಲ್ಲು ಹಾಸಿದ ಸಮತಟ್ಟಾದ ನೆಲವಿದೆ, ಕಡಲಿನ ಬದಿಗೆ ನಿಂತರೆ ದಿಗಂತ ಗೆರೆ ಎಳೆದಂತೆ ಕಾಣುತ್ತದೆ. ಈ ಎರಡೂ ನಮಗೆ ಬೇಕು.

ಫೋಟೋ ಅಡ್ಡ ಇದೆ, 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸ್, ಅಪರ್ಚರ್ 1.8. ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ಮೊಮ್ಮಗಳು ನಿಂತಿದ್ದಾಳೆ. ಫೋಕಸ್ ಅಜ್ಜಿಯ ಕಣ್ಣಿನ ಮೇಲಿದೆ, ಕ್ಯಾಮೆರಾದಿಂದ 4 ಮೀಟರ್ ದೂರ. ಹಿಂದೆ ಹುಲ್ಲು, ಗೋಡೆ, ಅದರಾಚೆ ಸಂಜೆಯ ಬಿಸಿಲಿಗೆ ಮಿನುಗುವ ಕಡಲು. ಅಜ್ಜಿಯ ಮಗನನ್ನು ಅವರ ಎಡಭುಜದ ಹಿಂದೆ, ಸ್ವಲ್ಪ ಬದಿಗೆ ನಿಲ್ಲಿಸಬೇಕು. ಅವನ ಒಂದು ಶೂ ಹುಲ್ಲಿನ ಮೇಲೆ ಕಾಣಬೇಕು, ಒಂದು ತೋಳು ಅಜ್ಜಿಯ ಸೆರಗಿನ ಹಿಂದೆ ಮರೆಯಾಗಬೇಕು.

ಫೋಕಸ್ ಎಲ್ಲಿದೆ ಎಂದು ನೆಲದ ಮೇಲೆ ಹುಡುಕುವುದು

ಫೋಟೋವನ್ನು 100 ಶೇಕಡಾ ಗಾತ್ರದಲ್ಲಿ ತೆರೆದು, ಮುಖಗಳನ್ನು ಬಿಟ್ಟು ನೆಲವನ್ನು ನೋಡಿ. ಕೆಳಗಿನಿಂದ ಮೇಲಕ್ಕೆ ಸರಿಯುತ್ತ ಹೋದರೆ ಹುಲ್ಲಿನ ಎಸಳು ಮೊದಲು ಮಸುಕಾಗಿ, ಒಂದು ಅಡ್ಡಪಟ್ಟಿಯಲ್ಲಿ ಸ್ಪಷ್ಟವಾಗಿ, ಮತ್ತೆ ಮಸುಕಾಗುತ್ತ ಹೋಗುತ್ತದೆ. ಆ ಸ್ಪಷ್ಟವಾದ ಪಟ್ಟಿಯ ನಡುವೆ ಒಂದು ಅಡ್ಡ ಗೈಡ್ ಗೆರೆ ಎಳೆಯಿರಿ. ಫೋಕಸ್ ನಿಂತಿರುವ ಜಾಗ ಅದೇ.

ಇಲ್ಲಿ ಎಡವುವುದು ಸುಲಭ. ಕೂತವರ ಪಾದ ಅವರ ಮುಖಕ್ಕಿಂತ ಅರ್ಧ ಮೀಟರಿನಷ್ಟು ಮುಂದಿರುತ್ತದೆ. ಅಜ್ಜಿಯ ಕಣ್ಣು ಫೋಕಸ್‌ನಲ್ಲಿದೆ ಎಂದು ಅವರ ಚಪ್ಪಲಿಯ ಬಳಿ ಗೆರೆ ಎಳೆದರೆ ಮುಂದಿನ ಲೆಕ್ಕವೆಲ್ಲ ಜಾರುತ್ತದೆ. ಕೂತವರ ಮುಖದ ನೇರಕ್ಕೆ ನೆಲದಲ್ಲಿರುವುದು ಹೆಚ್ಚು ಕಡಿಮೆ ಕುರ್ಚಿಯ ಹಿಂಗಾಲುಗಳು. ನಮ್ಮ ಫೋಟೋದಲ್ಲಿ ಆ ಹಿಂಗಾಲುಗಳು ಮೇಲಂಚಿನಿಂದ 3500ನೇ ಪಿಕ್ಸೆಲ್ ಸಾಲಿನಲ್ಲಿವೆ, ಹುಲ್ಲಿನ ಸ್ಪಷ್ಟ ಪಟ್ಟಿಯೂ ಅಲ್ಲೇ ಇದೆ. ಎರಡೂ ಒಂದಕ್ಕೊಂದು ಹೊಂದಿದರೆ ನಂಬಬಹುದು.

ಎರಡನೆಯ ಗೈಡ್ ಗೆರೆ ದಿಗಂತದ ಮೇಲೆ. ಕಡಲು ಆಕಾಶವನ್ನು ಮುಟ್ಟುವ ಸಾಲು ನಮ್ಮ ಫೋಟೋದಲ್ಲಿ 1000ನೇ ಪಿಕ್ಸೆಲಿನಲ್ಲಿದೆ. ಕಡಲಿಲ್ಲದ ಕಡೆ, ಉದಾಹರಣೆಗೆ ಬದಿಯಡ್ಕದ ಮನೆಯಂಗಳದಲ್ಲಿ ತೆಗೆದ ಫೋಟೋ ಆದರೆ, ಅಂಗಳದ ಟೈಲ್ಸಿನ ಗೆರೆಗಳನ್ನೋ ಜಗಲಿಯ ಅಂಚನ್ನೋ ಹಿಂದಕ್ಕೆ ಎಳೆದು ಅವು ಸೇರುವ ಬಿಂದುವನ್ನು ಹಿಡಿಯಬೇಕು. ನೆಲಕ್ಕೆ ಸಮಾಂತರವಾಗಿ ಹಿಂದೆ ಹೋಗುವ ಗೆರೆಗಳು ದಿಗಂತದ ಮೇಲೆಯೇ ಕೂಡುತ್ತವೆ. ಗುಡ್ಡದ ತುದಿಯನ್ನು ದಿಗಂತ ಎಂದುಕೊಳ್ಳಬೇಡಿ. ನಮ್ಮ ಕಡೆ ಎಲ್ಲಿ ನೋಡಿದರೂ ಗುಡ್ಡ, ಅದು ದಿಗಂತಕ್ಕಿಂತ ಮೇಲೇ ಇರುತ್ತದೆ.

ಗಾತ್ರ ಮೊದಲು, ಮಸುಕು ಆಮೇಲೆ

ಮಗನ ಶೂ ಎಲ್ಲಿ ಬರಬೇಕೆಂದು ಈಗ ನಿರ್ಧರಿಸಿ. ಅಜ್ಜಿಯ ಹಿಂದೆ ಒಂದು ಮೀಟರ್ ಎಂದರೆ ಕ್ಯಾಮೆರಾದಿಂದ 5 ಮೀಟರ್. ಸಮತಟ್ಟಾದ ನೆಲದ ಮೇಲೆ ದಿಗಂತದಿಂದ ಪಾದಕ್ಕೆ ಇರುವ ಇಳಿತ ದೂರ ಹೆಚ್ಚಿದ ಪ್ರಮಾಣದಲ್ಲೇ ಕಡಿಮೆಯಾಗುತ್ತದೆ. ಅಜ್ಜಿಯ ನೇರದಲ್ಲಿ ಇಳಿತ 3500ರಿಂದ 1000 ಕಳೆದರೆ 2500 ಪಿಕ್ಸೆಲ್. 5 ಮೀಟರಿನಲ್ಲಿ ಅದು 2500ರ ಐದರಲ್ಲಿ ನಾಲ್ಕು ಪಾಲು, ಅಂದರೆ 2000. ಆದ್ದರಿಂದ ಶೂ 3000ನೇ ಸಾಲಿನಲ್ಲಿ ಊರಬೇಕು.

ಅವನ ಗಾತ್ರವೂ ಅದೇ ಐದರಲ್ಲಿ ನಾಲ್ಕು ಪಾಲು. ಅಜ್ಜಿಯ ಪಕ್ಕದಲ್ಲೇ ನಿಂತಿದ್ದರೆ ಎಷ್ಟು ಎತ್ತರ ಕಾಣುತ್ತಿದ್ದನೋ ಅದರ 80 ಶೇಕಡಾ. ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ: ಒಂದೇ ಸಮತಟ್ಟಿನಲ್ಲಿ ನಿಂತ ಎಲ್ಲರನ್ನೂ ದಿಗಂತದ ಗೆರೆ ನೆಲದಿಂದ ಒಂದೇ ಎತ್ತರದಲ್ಲಿ ಹಾದುಹೋಗುತ್ತದೆ, ಅದು ಕ್ಯಾಮೆರಾದ ಎತ್ತರ. ನಮ್ಮ ಫೋಟೋದಲ್ಲಿ ಕ್ಯಾಮೆರಾ 1.2 ಮೀಟರ್ ಎತ್ತರದಲ್ಲಿತ್ತು. ಹಾಗಾದರೆ 1.7 ಮೀಟರ್ ಎತ್ತರದ ಮಗನಿಗೆ ದಿಗಂತ ಎದೆಯ ಮಟ್ಟದಲ್ಲಿ ಹಾಯಬೇಕು. ಅವನು ಒಟ್ಟು 2830 ಪಿಕ್ಸೆಲ್ ಎತ್ತರ ಬರುತ್ತಾನೆ. ದಿಗಂತ ಅವನ ಸೊಂಟಕ್ಕೆ ಬಂದರೆ ಗಾತ್ರ ದೊಡ್ಡದಾಯಿತು, ಕತ್ತಿಗೆ ಬಂದರೆ ಚಿಕ್ಕದಾಯಿತು.

ಇದನ್ನು ಮೊದಲೇ ಮುಗಿಸಬೇಕೆನ್ನುವುದಕ್ಕೆ ಕಾರಣವಿದೆ. ಬ್ಲರ್ ಕೊಟ್ಟ ಮೇಲೆ ವ್ಯಕ್ತಿಯನ್ನು ಚಿಕ್ಕದು ಮಾಡಿದರೆ ಮಸುಕೂ ಚಿಕ್ಕದಾಗುತ್ತದೆ, ದೊಡ್ಡದು ಮಾಡಿದರೆ ಅದೂ ದೊಡ್ಡದಾಗುತ್ತದೆ. ಆಗ ಅಳೆದದ್ದೆಲ್ಲ ವ್ಯರ್ಥ. ಇನ್ನು, ಕೆಲವರು ವ್ಯಕ್ತಿಯ ಗಾತ್ರವನ್ನು ಮುಂದಿನ ಸಾಲಿನವರಿಗೆ ಸಮನಾಗಿಟ್ಟು ಬ್ಲರ್ ಮಾತ್ರ ಹಿಂದಿನ ಸಾಲಿನದ್ದು ಕೊಡುತ್ತಾರೆ. ಕಣ್ಣಿಗೆ ಗಾತ್ರ ಒಂದು ದೂರವನ್ನೂ ಮಸುಕು ಇನ್ನೊಂದು ದೂರವನ್ನೂ ಹೇಳುತ್ತದೆ. ನೋಡುವವನಿಗೆ ಕಾರಣ ಹೇಳಲು ಬರುವುದಿಲ್ಲ, ಆದರೂ ಏನೋ ಸರಿಯಿಲ್ಲವೆಂದು ಅವನು ಹೇಳಿಯೇ ಹೇಳುತ್ತಾನೆ.

ಮಸುಕನ್ನು ಅಳೆಯುವುದು

ಲೆನ್ಸಿನ ಫೋಕಸ್‌ಗೆ ಹೊರಗಿರುವ ಪ್ರತಿಯೊಂದು ಬಿಂದುವೂ ಚಿತ್ರದಲ್ಲಿ ಒಂದು ಪುಟ್ಟ ಬಿಲ್ಲೆಯಾಗುತ್ತದೆ. ಆ ಬಿಲ್ಲೆಯ ಅಗಲವೇ ಮಸುಕಿನ ಅಳತೆ. ಬಹಳ ದೂರದ ಬಿಂದುವಿನ ಬಿಲ್ಲೆ ಎಷ್ಟು ಅಗಲವೆಂದು ಗೊತ್ತಾದರೆ ನಡುವಿನ ಯಾವ ಜಾಗದ ಮಸುಕನ್ನಾದರೂ ಈ ಸೂತ್ರದಿಂದ ಪಡೆಯಬಹುದು:

```
ವ್ಯಕ್ತಿಯ ಮಸುಕು = ದೂರದ ಮಸುಕು × (1 − ವ್ಯಕ್ತಿಯ ಇಳಿತ ÷ ಫೋಕಸ್ ಜಾಗದ ಇಳಿತ)
```

ಇಳಿತ ಎಂದರೆ ದಿಗಂತದಿಂದ ನೆಲದ ಆ ಜಾಗಕ್ಕೆ ಇರುವ ಪಿಕ್ಸೆಲ್ ಅಂತರ, ಮೇಲೆ ಗೈಡ್ ಗೆರೆಗಳಿಂದ ಪಡೆದದ್ದು. ಮೀಟರಿನ ಲೆಕ್ಕ ಇದರಲ್ಲಿ ಇಲ್ಲವೇ ಇಲ್ಲ. ಮಗನಿಗೆ 2000ವನ್ನು 2500ರಿಂದ ಭಾಗಿಸಿದರೆ 0.8, ಒಂದರಿಂದ ಕಳೆದರೆ 0.2. ದೂರದ ಮಸುಕಿನ ಐದರಲ್ಲಿ ಒಂದು ಪಾಲು ಅವನಿಗೆ ಸಲ್ಲಬೇಕು.

ದೂರದ ಮಸುಕನ್ನು ಅಳೆಯಲು ಕಡಲಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಸಂಜೆಯ ಬಿಸಿಲಿಗೆ ಅಲೆಗಳ ಮೇಲೆ ಮಿನುಗುವ ಚುಕ್ಕಿಗಳು ಫೋಟೋದಲ್ಲಿ ದುಂಡನೆಯ ಬೆಳ್ಳಿಬಿಲ್ಲೆಗಳಾಗಿ ಮೂಡಿರುತ್ತವೆ. ಒಂದಕ್ಕೊಂದು ತಾಗದ ಒಂದು ಬಿಲ್ಲೆಯನ್ನು ಹುಡುಕಿ ರೂಲರ್ ಸಾಧನದಿಂದ ಅದರ ಅಗಲವನ್ನು ಅಳೆಯಿರಿ. ಫೋಟೋದ ಅಂಚಿನ ಬಿಲ್ಲೆಗಳು ಬಾದಾಮಿಯಂತೆ ಚಪ್ಪಟೆಯಾಗಿರುತ್ತವೆ, ಆದ್ದರಿಂದ ನಡುಭಾಗದ್ದನ್ನೇ ಆರಿಸಿ. ನಮ್ಮ ಫೋಟೋದಲ್ಲಿ ಅದು 58 ಪಿಕ್ಸೆಲ್ ಬರುತ್ತದೆ. ಮಿನುಗು ಇಲ್ಲದಿದ್ದರೆ ದೂರದ ತೆಂಗಿನಮರದ ಕಾಂಡ ಆಕಾಶದ ಎದುರು ನಿಂತಿರುವ ಅಂಚನ್ನು ಹಿಡಿಯಿರಿ: ಪೂರ್ತಿ ಕಪ್ಪಿನಿಂದ ಪೂರ್ತಿ ಆಕಾಶದ ಬಣ್ಣಕ್ಕೆ ಹೋಗಲು ತೆಗೆದುಕೊಳ್ಳುವ ಅಗಲ ಆ ಬಿಲ್ಲೆಯ ಅಗಲಕ್ಕೆ ಸಮ. ದಿಗಂತದ ಗೆರೆಯಿಂದಲೇ ಇದನ್ನು ಅಳೆಯಲು ಹೋಗಬೇಡಿ. ಕಡಲ ಮೇಲಿನ ಹಬೆ ಅದನ್ನು ಲೆನ್ಸ್ ಮಾಡಿದ್ದಕ್ಕಿಂತ ಹೆಚ್ಚು ಮಸುಕಾಗಿಸಿರುತ್ತದೆ.

ಲೆನ್ಸಿನ ವಿವರ ಇದ್ದವರು ತಾಳೆ ನೋಡಬಹುದು. ಲೆನ್ಸಿನ 50ನ್ನು 50ರಿಂದಲೇ ಗುಣಿಸಿ, ಅದನ್ನು 1.8ರಿಂದಲೂ ಫೋಕಸ್ ದೂರವಾದ 3950 ಮಿಲಿಮೀಟರಿನಿಂದಲೂ ಭಾಗಿಸಿದರೆ ಸೆನ್ಸರಿನ ಮೇಲೆ 0.35 ಮಿಲಿಮೀಟರ್ ಬರುತ್ತದೆ. (4000ದಿಂದ ಲೆನ್ಸಿನ 50 ಕಳೆದದ್ದು 3950.) 36 ಮಿಲಿಮೀಟರಿನ ಸೆನ್ಸರಿಗೆ 6000 ಪಿಕ್ಸೆಲ್ ಆದರೆ 0.35ಕ್ಕೆ 58. ಸರಿಹೋಯಿತು. ಆದರೆ ಸ್ಟುಡಿಯೋಗೆ ಬರುವ ಎಷ್ಟೋ ಫೋಟೋಗಳನ್ನು ಯಾರೋ ಆಗಲೇ ಕತ್ತರಿಸಿ ಚಿಕ್ಕದು ಮಾಡಿರುತ್ತಾರೆ. ಅಂಥ ಕಡೆ ಈ ಲೆಕ್ಕ ಸುಳ್ಳು ಹೇಳುತ್ತದೆ, ರೂಲರ್ ಹೇಳುವುದಿಲ್ಲ.

58ರ ಐದರಲ್ಲಿ ಒಂದು ಪಾಲು ಎಂದರೆ ಸುಮಾರು 12 ಪಿಕ್ಸೆಲ್. ಮಗನಿಗೆ ಬೇಕಾದ ಮಸುಕು 12 ಪಿಕ್ಸೆಲ್ ಅಗಲದ ಬಿಲ್ಲೆ. 5 ಮೀಟರ್ ದೂರದಲ್ಲಿ ನಿಂತವನ ಮೈಮೇಲೆ ಅದು 7 ಮಿಲಿಮೀಟರಿಗೆ ಸಮ. ಇದನ್ನು ಹೀಗೆ ಮಾಡಿ ನೋಡಿದರೆ ಏನು ಉಳಿಯಬೇಕು, ಏನು ಅಳಿಯಬೇಕೆಂದು ಮೊದಲೇ ತಿಳಿಯುತ್ತದೆ. ರೆಪ್ಪೆಕೂದಲು, ಎರಡು ದಿನದ ಗಡ್ಡ, ಅಂಗಿಯ ಹೊಲಿಗೆ ಇವೆಲ್ಲ ಹೋಗಬೇಕು. ಅಂಗಿಯ ಗುಂಡಿ ಗುಂಡಿಯೆಂದು ಗುರುತಿಸುವಷ್ಟು ಉಳಿಯಬೇಕು, ಅದರ ತೂತುಗಳು ಕಾಣಬಾರದು. ಕಣ್ಣು, ಹುಬ್ಬು, ಮೀಸೆ, ನಗು ಉಳಿಯಬೇಕು. ಅವನು ಯಾರೆಂದು ಮನೆಯವರಿಗೆ ಗುರುತು ಸಿಗಬೇಕು.

ಮಗನ ಫೋಟೋ ಹೇಗಿರಬೇಕು

ದೂರದಲ್ಲಿರುವವರಿಗೆ ಎರಡು ಮಾತು ಮೊದಲೇ ಹೇಳಿಬಿಡಿ. ಪೋರ್ಟ್ರೇಟ್ ಮೋಡಿನಲ್ಲಿ ತೆಗೆಯಬೇಡಿ, ಏಕೆಂದರೆ ಆ ಮೋಡಿನಲ್ಲಿ ಕೂದಲಂಚೂ ಕಿವಿಯೂ ಮೊಬೈಲಿನ ಮನಸ್ಸಿಗೆ ಬಂದಂತೆ ಅರೆಬರೆ ಮಸುಕಾಗಿರುತ್ತವೆ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಚಿಕ್ಕದಾಗಿ ಬರುತ್ತದೆ.

ಬಂದ ಫೋಟೋವನ್ನು ಬೇಕಾದ ಗಾತ್ರಕ್ಕೆ ಇಳಿಸಿದ ಮೇಲೆ ಅದರ ಸ್ವಂತ ಮಸುಕು ಎಷ್ಟಿದೆ ನೋಡಿ. ಕೊಡಬೇಕಾದ ಮಸುಕಿನ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ, ನಮ್ಮಲ್ಲಿ 4 ಪಿಕ್ಸೆಲಿಗಿಂತ ಕಡಿಮೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಎರಡು ಮಸುಕುಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ಹಾಗಾಗಿ ಚಿಕ್ಕದು ದೊಡ್ಡದರಲ್ಲಿ ಮುಳುಗಿಹೋಗುತ್ತದೆ. ಆದರೆ ಕೈ ಅಲುಗಿ ಆಗಲೇ 15 ಪಿಕ್ಸೆಲ್ ಮಸುಕಾದ ಫೋಟೋ ಬಂದಿದ್ದರೆ ಶಾರ್ಪನ್ ಮಾಡಿ ಅದನ್ನು 12ಕ್ಕೆ ಇಳಿಸುವ ಸಾಹಸ ಬೇಡ. ಇನ್ನೊಂದು ಫೋಟೋ ಕೇಳಿ, ಅದು ಸಿಗದಿದ್ದರೆ ವ್ಯಕ್ತಿಯನ್ನು ಇನ್ನೂ ಸ್ವಲ್ಪ ಹಿಂದೆ ನಿಲ್ಲಿಸಿ.

ಮೊಬೈಲ್ ಫೋಟೋಗಳಲ್ಲಿ ಅಂಚುಗಳ ಸುತ್ತ ತೆಳ್ಳಗಿನ ಬಿಳಿ ಗೆರೆ ಇರುತ್ತದೆ, ಮೊಬೈಲ್ ತಾನೇ ಶಾರ್ಪನ್ ಮಾಡಿದ್ದರ ಗುರುತು. ಅವನ ಹಿಂದಿದ್ದ ಗೋಡೆಯ ಬಣ್ಣವೂ ಕೂದಲಂಚಿನಲ್ಲಿ ಸೇರಿಕೊಂಡಿರುತ್ತದೆ. ಬ್ಲರ್ ಕೊಟ್ಟಾಗ ಈ ಒಂದೆರಡು ಪಿಕ್ಸೆಲಿನ ಗೆರೆ ಹರಡಿ ಅವನ ಸುತ್ತ ಮಂಕು ಪ್ರಭೆಯಾಗುತ್ತದೆ. ಆದ್ದರಿಂದ ಕತ್ತರಿಸಿದ ಅಂಚನ್ನು ಬ್ಲರ್‌ಗೆ ಮೊದಲೇ ಒಂದೆರಡು ಪಿಕ್ಸೆಲ್ ಒಳಕ್ಕೆ ಎಳೆಯಿರಿ. ಒಂದು ಸಮಾಧಾನವೂ ಇದೆ: 12 ಪಿಕ್ಸೆಲ್ ಮಸುಕಿನಲ್ಲಿ ಬಿಡಿಬಿಡಿ ಕೂದಲು ಹೇಗೂ ಕಾಣುವುದಿಲ್ಲ. ತಲೆಯ ಆಕಾರ ಸರಿಯಾಗಿ ಬಂದರೆ ಸಾಕು, ಒಂದೊಂದೇ ಕೂದಲನ್ನು ಬಿಡಿಸುತ್ತ ಸಂಜೆ ಮಾಡಬೇಕಾಗಿಲ್ಲ.

ಬ್ಲರ್ ಕೊಡುವ ಕ್ರಮ

ಫೋಟೋಶಾಪಿನ Gaussian Blur ಕೇಳುವ Radius ಎಂಬ ಅಂಕಿ ಬಿಲ್ಲೆಯ ಅಗಲವಲ್ಲ. ಬಿಲ್ಲೆಯ ಅಗಲದ ನಾಲ್ಕರಲ್ಲಿ ಒಂದು ಪಾಲನ್ನು ಅಲ್ಲಿ ಹಾಕಬೇಕು. ನಮ್ಮ 12ಕ್ಕೆ Radius 3. ಗಿಂಪ್ ಬಳಸುವವರು ಅದೇ 3ನ್ನು Size X ಮತ್ತು Size Y ಎರಡರಲ್ಲೂ ಹಾಕಬಹುದು. 12 ಎಂದು ನೇರವಾಗಿ ಹಾಕಿದರೆ ಮಸುಕು ನಾಲ್ಕು ಪಟ್ಟು ಹೆಚ್ಚಾಗುತ್ತದೆ, ಮಗ ಕಡಲಿನ ಹತ್ತಿರ ಹೋಗಿ ನಿಂತಂತಾಗುತ್ತದೆ. ಇಷ್ಟು ಸಣ್ಣ ಮಸುಕಿಗೆ Gaussian ಸಾಕು. 25 ಪಿಕ್ಸೆಲಿಗಿಂತ ದೊಡ್ಡ ಬಿಲ್ಲೆ ಬೇಕಾದಾಗ, ಅದರಲ್ಲೂ ಕನ್ನಡಕ, ಕೈಗಡಿಯಾರ, ಒಡವೆ ಮಿನುಗುತ್ತಿದ್ದರೆ, ನಿಜವಾದ ದುಂಡು ಬಿಲ್ಲೆ ಮೂಡಿಸುವ Lens Blur ಮೇಲು. ಅದಕ್ಕೆ ಯಾವ ಅಂಕಿ ಎಷ್ಟು ಅಗಲ ಕೊಡುತ್ತದೆಂದು ತಿಳಿಯಲು, ಕಪ್ಪು ಹಿನ್ನೆಲೆಯ ಮೇಲೆ ಒಂದು ಬಿಳಿ ಚುಕ್ಕಿ ಇಟ್ಟು ಅದಕ್ಕೆ ಬ್ಲರ್ ಕೊಟ್ಟು ಅಳೆಯಿರಿ.

ಈಗ ಇಡೀ ಕೆಲಸದಲ್ಲಿ ಹೆಚ್ಚು ಕೆಡುವ ಜಾಗಕ್ಕೆ ಬಂದೆವು, ಅಂಚು. ವ್ಯಕ್ತಿಯ ಬಣ್ಣ ಮತ್ತು ಅವನ ಅಂಚು ಎರಡೂ ಒಟ್ಟಿಗೆ ಮಸುಕಾಗಬೇಕು. ಲೇಯರ್ ಮಾಸ್ಕ್ ಇರುವಾಗ ಚಿತ್ರಕ್ಕೆ ಮಾತ್ರ ಬ್ಲರ್ ಕೊಟ್ಟರೆ ಒಳಗೆ ಮಸುಕು, ಅಂಚು ಮಾತ್ರ ಬ್ಲೇಡಿನಿಂದ ಕೊಯ್ದಂತೆ ಉಳಿಯುತ್ತದೆ. ಸಾಲದ್ದಕ್ಕೆ ಮಾಸ್ಕಿನ ಹಿಂದೆ ಅಡಗಿರುವ ದುಬೈ ಮನೆಯ ಗೋಡೆಯ ಬಣ್ಣವೂ ಒಳಕ್ಕೆ ಸೋರುತ್ತದೆ. ಆದ್ದರಿಂದ ಮೊದಲು ಲೇಯರಿನ ಒಂದು ಪ್ರತಿ ಇಟ್ಟುಕೊಂಡು, ಮಾಸ್ಕನ್ನು Apply Layer Mask ಮೂಲಕ ಚಿತ್ರದಲ್ಲಿ ಸೇರಿಸಿ, ಅಥವಾ ಮಾಸ್ಕ್ ಸಮೇತ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಆಮೇಲೆ ಬ್ಲರ್ ಕೊಡಿ. ಲೇಯರಿನ ಪಾರದರ್ಶಕ ಭಾಗಕ್ಕೆ ಬೀಗ ಹಾಕಿದ್ದರೆ ತೆಗೆಯಿರಿ. ಬೀಗ ಇದ್ದರೆ ಅಂಚು ಹರಡುವುದಿಲ್ಲ.

ಎರಡನೆಯ ಅಪಾಯ ಅಜ್ಜಿಯ ಭುಜದ ಬಳಿ. ಮಗನ ತೋಳು ಸೆರಗಿನ ಹಿಂದೆ ಹೋಗುವ ಕಡೆ ಅಂಚು ಯಾರದು? ಅಜ್ಜಿಯದು. ಅಜ್ಜಿ ಫೋಕಸ್‌ನಲ್ಲಿದ್ದಾರೆ, ಆದ್ದರಿಂದ ಆ ಗೆರೆ ಸ್ಪಷ್ಟವಾಗಿರಬೇಕು. ಮಗನನ್ನು ಸೆರಗಿನ ಆಕಾರಕ್ಕೆ ಕತ್ತರಿಸಿ ಆಮೇಲೆ ಬ್ಲರ್ ಕೊಟ್ಟರೆ ಅವನ ತೋಳು ಸೆರಗಿನ ಹತ್ತಿರ ಬರುತ್ತ ಮಾಯವಾಗುತ್ತದೆ, ನಡುವೆ ಹುಲ್ಲಿನ ಹಸಿರು ಬಳೆಯಂತೆ ಇಣುಕುತ್ತದೆ. ಈ ಹಸಿರು ಗೆರೆಯನ್ನು ಎಷ್ಟೋ ಮದುವೆ ಆಲ್ಬಂಗಳಲ್ಲಿ ಕಾಣಬಹುದು. ಸರಿಯಾದ ಕ್ರಮ ಇದು: ಮಗನನ್ನು ಪೂರ್ತಿ ದೇಹವಾಗಿಯೇ ಇಟ್ಟು, ತೋಳು ಅಜ್ಜಿಯ ಮೇಲೆ ಹಾಯ್ದಂತೆ ಕಂಡರೂ ಬಿಟ್ಟು, ಬ್ಲರ್ ಕೊಡಿ. ಆಮೇಲೆ ಆ ಲೇಯರನ್ನು ಒಂದು ಗ್ರೂಪಿನೊಳಗೆ ಹಾಕಿ, ಗ್ರೂಪಿಗೆ ಅಜ್ಜಿಯ ಮತ್ತು ಕುರ್ಚಿಯ ಆಕಾರದ ಸ್ಪಷ್ಟ ಮಾಸ್ಕ್ ಕೊಡಿ. ಆಗ ಹಿನ್ನೆಲೆಯ ಕಡೆಗಿರುವ ಅವನ ಅಂಚು ಮೃದುವಾಗಿಯೂ ಅಜ್ಜಿಯ ಕಡೆಯದು ಗಟ್ಟಿಯಾಗಿಯೂ ಇರುತ್ತದೆ. ಎರಡು ಅಂಚುಗಳು ಎರಡು ಬಗೆಯಾಗಿರುವುದೇ ಇಲ್ಲಿ ಸಹಜ.

ಮಗ ಅಜ್ಜಿಯ ಭುಜದ ಮೇಲೆ ಕೈ ಇಟ್ಟಂತೆ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಕೈ ಅಜ್ಜಿಯ ಭುಜ ಮುಟ್ಟಬೇಕಾದರೆ ಅದು ಫೋಕಸ್‌ನಲ್ಲಿರಬೇಕು, ದೇಹ ಒಂದು ಮೀಟರ್ ಹಿಂದೆ ಇರಲಾಗದು. ಹಾಗೆ ಬೇಕಾದರೆ ಅವನನ್ನು ಅಜ್ಜಿಯ ಹತ್ತಿರಕ್ಕೇ ತಂದು ಎಲ್ಲವನ್ನೂ ಮತ್ತೆ ಅಳೆಯಬೇಕು.

ಶೂವಿನ ಕೆಳಗಿನ ನೆರಳಿಗೂ ಅದೇ Radius 3 ಕೊಡಿ. ಶೂ ಮಸುಕಾಗಿ ನೆರಳು ಚೂಪಾಗಿದ್ದರೆ ಅವನು ನೆಲ ಬಿಟ್ಟು ತೇಲುತ್ತಾನೆ.

ಕಣಗಳನ್ನು ಮರಳಿ ಹಾಕುವುದು

ಬ್ಲರ್ ಕೊಟ್ಟಾಗ ಮಗನ ಫೋಟೋದಲ್ಲಿದ್ದ ಸಣ್ಣ ಕಣಗಳು, ಅಂದರೆ ನಾಯ್ಸ್, ಪೂರ್ತಿ ಅಳಿಸಿಹೋಗುತ್ತವೆ. ಕುಟುಂಬದ ಫೋಟೋದಲ್ಲಿ ಹಾಗಲ್ಲ. ಅಲ್ಲಿ ಗೋಡೆ ಎಷ್ಟೇ ಮಸುಕಾಗಿದ್ದರೂ ಅದರ ಮೇಲಿನ ಕಣಗಳು ಚೂಪಾಗಿಯೇ ಇರುತ್ತವೆ, ಏಕೆಂದರೆ ಮಸುಕು ಲೆನ್ಸಿನಿಂದ ಬಂದದ್ದು, ಕಣ ಅದರ ನಂತರ ಸೆನ್ಸರಿನಲ್ಲಿ ಹುಟ್ಟಿದ್ದು. ಕಣವಿಲ್ಲದ ಮಗ ಮೇಣದ ಗೊಂಬೆಯಂತಾಗುತ್ತಾನೆ. ಹಾಗಾದಾಗ ಎಷ್ಟೋ ಜನ ಬ್ಲರ್ ಹೆಚ್ಚಾಯಿತೆಂದು ತಿಳಿದು ಅದನ್ನು ಇಳಿಸುತ್ತಾರೆ. ತಪ್ಪು ಇದ್ದದ್ದು ಬೇರೆ ಕಡೆ.

ಮಗನ ಮೇಲೆ 50 ಶೇಕಡಾ ಬೂದು ಬಣ್ಣದ ಲೇಯರ್ ಇಟ್ಟು Overlay ಮಾಡಿ, ಅವನಿಗೆ ಮಾತ್ರ ತಗಲುವಂತೆ ಕ್ಲಿಪ್ ಮಾಡಿ. ಅದಕ್ಕೆ Add Noise ಕೊಡಿ, Gaussian ಮತ್ತು Monochromatic ಆರಿಸಿ. ಕ್ಯಾಮೆರಾದ ಕಣ ಒಂದೇ ಪಿಕ್ಸೆಲಿನಷ್ಟು ಮೊನಚಾಗಿರುವುದಿಲ್ಲ, ಆದ್ದರಿಂದ ಈ ನಾಯ್ಸ್ ಲೇಯರಿಗೆ 0.5 Radius ಬ್ಲರ್ ಕೊಟ್ಟರೆ ಹೊಂದುತ್ತದೆ. ಪ್ರಮಾಣವನ್ನು ಅಂಕಿಯಲ್ಲಿ ಹೇಳುವಂತಿಲ್ಲ, ಅದು ಐಎಸ್ಒ ಮೇಲೆ ಹೋಗುತ್ತದೆ. 200 ಶೇಕಡಾ ದೊಡ್ಡದು ಮಾಡಿ, ಹಿಂದಿನ ಗೋಡೆಯ ನೆರಳಿನ ಭಾಗವನ್ನೂ ಅವನ ಪ್ಯಾಂಟಿನ ಅಷ್ಟೇ ಗಾಢವಾದ ಭಾಗವನ್ನೂ ಒಟ್ಟಿಗೆ ನೋಡಿ ಹೊಂದಿಸಿ.

ಸರಿಯಾಯಿತೇ ಎಂದು ತಿಳಿಯುವುದು

ಮುಖ ನೋಡಿ ನಿರ್ಧರಿಸಬೇಡಿ. ಮುಖವನ್ನು ಸ್ಪಷ್ಟವಾಗಿ ಕಾಣುವ ಆಸೆ ನಮ್ಮ ಕಣ್ಣಿಗೇ ಇದೆ, ಅದು ಮೋಸ ಮಾಡುತ್ತದೆ. ಶೂವನ್ನು ನೋಡಿ. ಕ್ಯಾಮೆರಾ ಓರೆಯಾಗಿರದಿದ್ದರೆ 3000ನೇ ಸಾಲಿನಲ್ಲಿ ಬಲಕ್ಕೂ ಎಡಕ್ಕೂ ಇರುವ ಹುಲ್ಲೆಲ್ಲ ಕ್ಯಾಮೆರಾದಿಂದ ಅದೇ 5 ಮೀಟರ್ ದೂರದಲ್ಲಿದೆ. ಆ ಹುಲ್ಲಿನ ಎಸಳೂ ಶೂವಿನ ಲೇಸೂ ಒಂದೇ ಮಟ್ಟದ ಮಸುಕಿನಲ್ಲಿರಬೇಕು. ಲೇಸು ಹೆಚ್ಚು ಸ್ಪಷ್ಟವಾಗಿದ್ದರೆ Radius ಅನ್ನು ಕಾಲು ಕಾಲು ಏರಿಸಿ. ಲೆಕ್ಕಕ್ಕೂ ಹುಲ್ಲಿಗೂ ಹೊಂದದೆ ಹೋದರೆ ಹುಲ್ಲನ್ನೇ ನಂಬಬೇಕು. ನೆಲ ಸ್ವಲ್ಪ ಇಳಿಜಾರಾಗಿದ್ದಿರಬಹುದು.

ಈ ಪರೀಕ್ಷೆಯನ್ನು ಮೊಬೈಲಿನಲ್ಲಿ ಮಾಡಿ ಪ್ರಯೋಜನವಿಲ್ಲ. 6000 ಪಿಕ್ಸೆಲಿನ ಫೋಟೋ 1080 ಪಿಕ್ಸೆಲಿನ ಪರದೆಗೆ ಇಳಿದಾಗ 12 ಪಿಕ್ಸೆಲಿನ ಮಸುಕು ಎರಡು ಪಿಕ್ಸೆಲ್ ಆಗುತ್ತದೆ, ಬ್ಲರ್ ಕೊಟ್ಟದ್ದೂ ಕೊಡದ್ದೂ ಒಂದೇ ರೀತಿ ಕಾಣುತ್ತದೆ. ಅದೇ ಫೋಟೋ 18 ಇಂಚು ಅಗಲದ ಪ್ರಿಂಟಾಗಿ ಗೋಡೆಗೆ ಹೋದಾಗ 12 ಪಿಕ್ಸೆಲ್ ಸುಮಾರು 0.9 ಮಿಲಿಮೀಟರ್. ಮನೆಗೆ ಬಂದವರು ಹತ್ತಿರ ಹೋಗಿ ನೋಡುವಾಗ ಅದು ಕಾಣುತ್ತದೆ.

ಈ ಲೆಕ್ಕ ನಡೆಯದ ಕಡೆಗಳು

ಕುಟುಂಬದ ಫೋಟೋವನ್ನೇ ಮೊಬೈಲಿನ ಪೋರ್ಟ್ರೇಟ್ ಮೋಡಿನಲ್ಲಿ ತೆಗೆದಿದ್ದರೆ ಅದರ ಮಸುಕು ಲೆನ್ಸ್ ಮಾಡಿದ್ದಲ್ಲ. ಅದು ದೂರಕ್ಕೆ ತಕ್ಕಂತೆ ಏರುವ ಬದಲು ಜನರ ಕಾಲ ಬುಡದಲ್ಲೇ ದಿಢೀರನೆ ಶುರುವಾಗಿರಬಹುದು. ಅಲ್ಲಿ ಸೂತ್ರ ಕೆಲಸ ಮಾಡುವುದಿಲ್ಲ, ಅದೇ ಸಾಲಿನ ನೆಲವನ್ನು ನೋಡಿ ಕಣ್ಣಳತೆಯಲ್ಲೇ ಹೊಂದಿಸಬೇಕು.

ಇನ್ನೊಂದು, ಮಾರಾಟಕ್ಕೆ ಸಿಗುವ ಪೂರ್ತಿ ಮಸುಕಾದ ಹಿನ್ನೆಲೆಗಳು. ಅವುಗಳಲ್ಲಿ ಸ್ಪಷ್ಟವಾದ ನೆಲದ ಪಟ್ಟಿಯೇ ಇರುವುದಿಲ್ಲ. ಫೋಕಸ್ ಚೌಕಟ್ಟಿನ ಕೆಳಗೆ, ಕಾಣದ ಜಾಗದಲ್ಲಿದೆ ಎಂದು ಅದರ ಅರ್ಥ. ಅಲ್ಲಿ ಸ್ಪಷ್ಟವಾದ ವ್ಯಕ್ತಿಯನ್ನು ಪಾದ ಸಮೇತ ನಿಲ್ಲಿಸಲು ಜಾಗವೇ ಇಲ್ಲ. ಸೊಂಟದಿಂದ ಮೇಲಕ್ಕೆ ಮಾತ್ರ ಬರುವಂತೆ, ಚೌಕಟ್ಟಿನ ಕೆಳಂಚು ಅವನನ್ನು ಕತ್ತರಿಸುವಂತೆ ಇಟ್ಟರೆ ಎಷ್ಟು ಸ್ಪಷ್ಟವಾಗಿದ್ದರೂ ಒಪ್ಪುತ್ತದೆ. ಮಸುಕು ನೆಲದ ಮೇಲೆ ಚೂಪಾದ ಶೂ ಇಟ್ಟ ಪೂರ್ತಿ ಆಳೆತ್ತರದ ಚಿತ್ರಗಳು ಫ್ಲೆಕ್ಸುಗಳಲ್ಲಿ ಬೇಕಾದಷ್ಟಿವೆ. ಅವುಗಳ ತೊಂದರೆ ಇಷ್ಟೇ.

ಗಿರಾಕಿಯ ಮಾತು ಬಂದಾಗ

ಎಲ್ಲ ಸರಿಯಾಗಿ ಮಾಡಿ ತೋರಿಸಿದಾಗ ಮನೆಯವರು ಹೇಳುವುದು ಒಂದೇ: "ಮಗನ ಮುಖ ಮಾತ್ರ ಇನ್ನೂ ಸ್ವಲ್ಪ ಸ್ಪಷ್ಟ ಮಾಡಿಕೊಡಿ." ಅದು ನ್ಯಾಯವಾದ ಬೇಡಿಕೆಯೇ, ಅವನಿಗಾಗಿಯೇ ಅವರು ಹಣ ಕೊಡುತ್ತಿರುವುದು. ಆದರೆ ಬ್ಲರ್ ಇಳಿಸುವುದು ಅದಕ್ಕೆ ಉತ್ತರವಲ್ಲ, ಜಾಗ ಬದಲಿಸುವುದು ಉತ್ತರ. ಅವನನ್ನು ಅಜ್ಜಿಯ ಹಿಂದೆ 30 ಸೆಂಟಿಮೀಟರಿಗೆ ತನ್ನಿ. ಶೂ 3325ನೇ ಸಾಲಿಗೆ ಇಳಿಯುತ್ತದೆ, ಗಾತ್ರ ಅಜ್ಜಿಯ ನೇರದ 93 ಶೇಕಡಾ ಆಗುತ್ತದೆ, ಮಸುಕು 58ರ 0.07 ಪಾಲು, ಅಂದರೆ 4 ಪಿಕ್ಸೆಲ್, Radius 1. ರೆಪ್ಪೆ ಕಾಣದಿದ್ದರೂ ಕಣ್ಣಿನ ಹೊಳಪು ಬರುತ್ತದೆ.

ಹಾಗೆ ಮುಂದೆ ತಂದಾಗ ಅವನ ತಲೆ ಚೌಕಟ್ಟಿನ ಮೇಲಂಚನ್ನು ಮುಟ್ಟುವಷ್ಟಾಗುತ್ತದೆ, ಏಕೆಂದರೆ ಫೋಟೋ ತೆಗೆಯುವಾಗ ಅವನಿಗೆ ಜಾಗ ಬಿಟ್ಟಿರಲಿಲ್ಲ. ಮೇಲೆ ಆಕಾಶವನ್ನು ಒಂದು 200 ಪಿಕ್ಸೆಲ್ ಹೆಚ್ಚಿಸಿಕೊಳ್ಳಿ. ಮಸುಕಾದ ಆಕಾಶವನ್ನು ಎಳೆದು ಉದ್ದ ಮಾಡುವುದು ಕಷ್ಟವೇನಲ್ಲ, ಅಲ್ಲಿಗೂ ನಾಯ್ಸ್ ಹಾಕಲು ಮಾತ್ರ ಮರೆಯಬಾರದು.

ಇನ್ನೂ ಸ್ಪಷ್ಟ ಬೇಕೆಂದರೆ ಅಜ್ಜಿಯ ಪಕ್ಕದಲ್ಲೇ, ಮೊಮ್ಮಗಳ ಎದುರು ಬದಿಗೆ, ಅದೇ 3500ನೇ ಸಾಲಿನಲ್ಲಿ ನಿಲ್ಲಿಸಬಹುದು. ಆಗ ಬ್ಲರ್ ಬೇಡ. ಆದರೂ ಮೊಬೈಲಿನ ಶಾರ್ಪನಿಂಗ್ ಅಜ್ಜಿಯ ಮುಖಕ್ಕಿಂತ ಅವನದ್ದನ್ನು ಚೂಪು ಮಾಡಿರುತ್ತದೆ. ಇಬ್ಬರ ಹುಬ್ಬನ್ನೂ ಅಕ್ಕಪಕ್ಕ ಇಟ್ಟು ನೋಡಿ, 0.5ರಿಂದ 0.8ರ ಒಳಗೆ ಒಂದು ಸಣ್ಣ Gaussian ಕೊಟ್ಟರೆ ಅವನು ಅಜ್ಜಿಯ ಸಾಲಿಗೆ ಬರುತ್ತಾನೆ.